ದೇವರ ಕೆರೆಗೆ ಅನುದಾನ ಕೇಳುವ ಮೊದಲು ನೀರು ಅಳೆಯಿರಿ

ಬಂಟ್ವಾಳ ಕಡೆಯ ಒಂದು ಹಳ್ಳಿಯ ಹುಡುಗರು ಕಳೆದ ಬೇಸಿಗೆಯಲ್ಲಿ ನನಗೆ ಎರಡು ಪುಟದ ಮನವಿಯೊಂದನ್ನು ವಾಟ್ಸಾಪ್ ಮಾಡಿದ್ದರು. 'ದೇವಸ್ಥಾನದ ಕೆರೆ ಜೀರ್ಣೋದ್ಧಾರ, ಅಂದಾಜು ವೆಚ್ಚ 25 ಲಕ್ಷ ರೂಪಾಯಿ' ಅಂತ ತಲೆಬರಹ. ಜೊತೆಗೆ ಒಂದು ಸಾಲು: 'ನೀವು ಇಂಜಿನಿಯರಿಂಗ್ ಓದಿದವರಲ್ವಾ, ಒಮ್ಮೆ ನೋಡಿ ಹೇಳಿ.'

ನೋಡಿದೆ. ನಾಲ್ಕೂ ಬದಿಗೆ ಕಾಂಕ್ರೀಟ್ ಗೋಡೆ, ಗ್ರಾನೈಟ್ ಮೆಟ್ಟಿಲು, ಸುತ್ತ ಇಂಟರ್‌ಲಾಕ್, ಸ್ಟೀಲ್ ಬೇಲಿ, ಎದುರಿಗೊಂದು ಕಮಾನು. ಕೆರೆಯಲ್ಲಿ ಎಪ್ರಿಲ್ ತಿಂಗಳಲ್ಲಿ ಎಷ್ಟು ನೀರಿರುತ್ತೆ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದರೆ ಅವರಲ್ಲೇ ಮೂರು ಉತ್ತರ ಬಂತು. ಒಬ್ಬರು ಮೊಣಕಾಲುದ್ದ ಅಂದರು, ಇನ್ನೊಬ್ಬರು ಸೊಂಟದವರೆಗೆ ಅಂದರು, ಮತ್ತೊಬ್ಬರು 'ಈಗ ಬತ್ತುತ್ತೆ ಮಾರಾಯ್ರೆ' ಅಂದರು.

ಈ ಒಂದು ಪ್ರಶ್ನೆಗೆ ಉತ್ತರ ಇಲ್ಲದೆ ಬರೆದ ಬಜೆಟ್ ಕೆರೆಯ ಬಜೆಟ್ ಅಲ್ಲ, ಕಟ್ಟಡದ ಬಜೆಟ್. ಆ ಹಣ ಸಿಕ್ಕಿಬಿಟ್ಟರೆ ಆಗೋ ಹಾನಿ ಸಿಗದೆ ಇದ್ದಾಗಿನದ್ದಕ್ಕಿಂತ ದೊಡ್ಡದು. ಹೀಗಾಗಿ ದೇವಸ್ಥಾನದ ಕೆರೆಗೆ ಅನುದಾನದ ಪ್ರಸ್ತಾವನೆ ಬರೆಯೋದು ಹೇಗೆ, ಪ್ರತಿ ಖರ್ಚಿಗೂ ಸಮರ್ಥನೆ ಕೊಡೋದು ಹೇಗೆ ಅಂತ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಇದು ಯಾವ ಜಾತಿಯ ಕೆರೆ?

ಮೈಸೂರು, ತುಮಕೂರು ಕಡೆ ಕೆರೆ ಅಂದರೆ ಏರಿ ಕಟ್ಟಿ ಮಳೆ ನೀರು ತಡೆಹಿಡಿದ ಜಾಗ, ನೂರಾರು ಎಕರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದೇವಸ್ಥಾನದ ಕೆರೆ ಸಾಮಾನ್ಯವಾಗಿ ಹಾಗಲ್ಲ. ಗುಡ್ಡದ ಬುಡದಲ್ಲೋ ಗದ್ದೆಯ ಅಂಚಿನಲ್ಲೋ ಒಸರು ಸಿಗೋ ತನಕ ಅಗೆದು, ಸುತ್ತ ಕೆಂಪು ಕಲ್ಲು ಕಟ್ಟಿದ ಗುಂಡಿ ಅದು. ಕೆಲವೇ ಸೆಂಟ್ಸ್ ಜಾಗ. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಅನ್ನೋ ಮಾತು ಇವತ್ತಿಗೂ ಬಳಕೆಯಲ್ಲಿದೆ. ಒಂದು ಪೇಟೆಯಲ್ಲಿ ಅಷ್ಟು ಕೆರೆ ಇರೋದಕ್ಕೆ ಸಾಧ್ಯವಾದದ್ದು ಅವು ಚಿಕ್ಕವಾದ್ದರಿಂದ, ನೆಲದೊಳಗಿನ ನೀರನ್ನೇ ನಂಬಿದ್ದರಿಂದ.

ಈ ವ್ಯತ್ಯಾಸ ಅನುದಾನದ ವಿಷಯದಲ್ಲಿ ಮೊದಲ ದಿನವೇ ಎದುರಾಗುತ್ತೆ. ಕೇಂದ್ರ ಸರ್ಕಾರ 24 ಎಪ್ರಿಲ್ 2022ರಂದು ಶುರುಮಾಡಿದ ಅಮೃತ ಸರೋವರ ಯೋಜನೆ ಕೇಳಿದ್ದು ಕನಿಷ್ಠ ಒಂದು ಎಕರೆ ವಿಸ್ತಾರ, ಸುಮಾರು 10,000 ಘನ ಮೀಟರ್ ನೀರು. ನಮ್ಮ ದೇವರ ಕೆರೆ ಹತ್ತು ಸೆಂಟ್ಸ್ ಇದ್ದರೆ ಅದು ಆ ಅಳತೆಯ ಹತ್ತನೇ ಒಂದು ಭಾಗ. ದೊಡ್ಡ ಯೋಜನೆಯ ಜರಡಿಯಲ್ಲಿ ಇದು ಜಾರಿಹೋಗುತ್ತೆ. ಉಳಿಯೋ ದಾರಿಗಳು ಪಂಚಾಯತ್, ಮುಜರಾಯಿ ಇಲಾಖೆ, ಕಂಪೆನಿಗಳ ಸಿಎಸ್‌ಆರ್ ಹಣ, ಇಲ್ಲವೇ ಬೆಳ್ತಂಗಡಿ ತಾಲೂಕಿನಲ್ಲೇ 1982ರಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳು. ಆ ಸಂಸ್ಥೆಯ 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮದಲ್ಲೂ ಊರಿನ ಕೆರೆ ಸಮಿತಿ ರಚನೆಯಾಗುತ್ತೆ. ಅಂದರೆ ಎಲ್ಲಿಗೆ ಹೋದರೂ ಲೆಕ್ಕ ಬರೆಯಬೇಕಾದವರು ಊರಿನವರೇ.

ಕಾಂಕ್ರೀಟ್ ಯಾಕೆ ಬೇಡ

ನಮ್ಮ ಕಡೆ ಮೇಲೆ ಕೆಂಪು ಕಲ್ಲಿನ ಪದರ, ಅದರ ಕೆಳಗೆ ಶೇಡಿ ಮಣ್ಣು. ವರ್ಷಕ್ಕೆ ಸರಿಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೂತು ತೂತಾದ ಕೆಂಪು ಕಲ್ಲು ನೀರನ್ನು ಕೂಡಲೇ ಒಳಗೆ ಬಿಡುತ್ತೆ. ಶೇಡಿ ಮಣ್ಣು ಅದನ್ನು ಕೆಳಗೆ ಹೋಗಲು ಸುಲಭಕ್ಕೆ ಬಿಡಲ್ಲ. ಹಾಗಾಗಿ ನೀರು ಎರಡರ ನಡುವೆ ಅಡ್ಡಡ್ಡ ಹರಿದು ಕೆರೆಯ ಗೋಡೆಯ ಸಂದಿನಲ್ಲಿ ಒಸರಾಗಿ ಬರುತ್ತೆ.

ಹಳಬರು ಗಾರೆ ಇಲ್ಲದೆ ಕಲ್ಲು ಕಟ್ಟಿದ್ದು ಬಡತನಕ್ಕಲ್ಲ. ಆ ಸಂದುಗಳೇ ಕೆರೆಯ ಬಾಯಿ. ಅದರ ಎದುರು ಕಾಂಕ್ರೀಟ್ ಗೋಡೆ ನಿಲ್ಲಿಸಿದರೆ ಒಸರಿನ ದಾರಿ ಮುಚ್ಚುತ್ತೆ, ಮಳೆಗಾಲದಲ್ಲಿ ಗೋಡೆಯ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಗೋಡೆಯಲ್ಲಿ ಅಡ್ಡ ಬಿರುಕು, ಮಧ್ಯದಲ್ಲಿ ಹೊಟ್ಟೆ ಬಂದಂತೆ ಉಬ್ಬು ಕಂಡರೆ ಇದೇ ಕಾರಣ ಅಂತ ತಿಳಿಯಬಹುದು. ಎಪ್ರಿಲ್‌ನಲ್ಲಿ ಅದೇ ಕೆರೆ ಒಣಗಿದ ಸಿಮೆಂಟ್ ತೊಟ್ಟಿ ಆಗಿರುತ್ತೆ. ಆಗ ಟ್ಯಾಂಕರ್ ನೀರು ತುಂಬಿಸಿ ಅವಭೃತ ಮಾಡಬೇಕಾಗುತ್ತೆ.

ಅರ್ಜಿಗೆ ಮೊದಲು ಮೂರು ಅಳತೆ

ಮೊದಲನೆಯದು ನೀರಿನ ಮಟ್ಟ. ಗೋಡೆಯ ಒಂದು ಮೂಲೆಯಲ್ಲಿ ಪೈಂಟಿನಲ್ಲಿ ಸೆಂಟಿಮೀಟರ್ ಗೆರೆ ಎಳೆದು, ವಾರಕ್ಕೊಮ್ಮೆ ಫೋಟೊ ತೆಗೆಯಿರಿ. ದೀಪಾವಳಿಯಿಂದ ಪತ್ತನಾಜೆಯ ತನಕ ಇಷ್ಟು ಮಾಡಿದರೆ ಕೆರೆ ಯಾವ ವಾರದಲ್ಲಿ ಸೋಲುತ್ತೆ ಅಂತ ಗೊತ್ತಾಗುತ್ತೆ.

ಎರಡನೆಯದು ಒಸರಿನ ಶಕ್ತಿ. ಪಂಪ್ ಇಟ್ಟು ಅರ್ಧ ಮೀಟರ್ ನೀರು ಇಳಿಸಿ ಪಂಪ್ ನಿಲ್ಲಿಸಿ. ಗಂಟೆಗೆ ಎಷ್ಟು ಏರುತ್ತೆ ನೋಡಿ. 300 ಚದರ ಮೀಟರ್ ಕೆರೆಯಲ್ಲಿ ಗಂಟೆಗೆ 2 ಸೆಂಟಿಮೀಟರ್ ಏರಿದರೆ ಒಸರು ಗಂಟೆಗೆ 6,000 ಲೀಟರ್ ಕೊಡುತ್ತಿದೆ ಅಂತ ಅರ್ಥ. ಒಮ್ಮೆ ಜನವರಿಯಲ್ಲಿ, ಒಮ್ಮೆ ಎಪ್ರಿಲ್‌ನಲ್ಲಿ ಮಾಡಿ. ಎಪ್ರಿಲ್‌ನಲ್ಲಿ ಏರಿಕೆ ಸೊನ್ನೆ ಅಂದರೆ ಹೂಳು ತೆಗೆದರೂ ಕೆರೆ ಬತ್ತುತ್ತೆ. ಆಗ ಹುಡುಕಬೇಕಾದದ್ದು ಮೇಲಿನ ಗುಡ್ಡದಲ್ಲಿ ಏನಾಗಿದೆ ಅಂತ: ಕಲ್ಲಿನ ಕೋರೆಯೋ, ಹೊಸ ಬೋರ್‌ವೆಲ್ಲೋ, ಸಮತಟ್ಟು ಮಾಡಿದ ಲೇಔಟೋ. ಆ ಉತ್ತರ ಕೆರೆಯ ಒಳಗೆ ಸಿಗಲ್ಲ, ಅನುದಾನವೂ ಅದನ್ನು ಸರಿ ಮಾಡಲ್ಲ.

ಮೂರನೆಯದು ಹೂಳು. ಉದ್ದದ ಕಬ್ಬಿಣದ ಸರಳನ್ನು ಒಂಬತ್ತು ಕಡೆ ಇಳಿಸಿ. ಸರಾಗವಾಗಿ ಇಳಿದು ಒಮ್ಮೆಲೆ ಗಟ್ಟಿ ತಾಗುವ ಜಾಗವೇ ಹಳೆಯ ತಳ. ಅದಕ್ಕಿಂತ ಕೆಳಗೆ ಅಗೆಯೋ ಆಸೆ ಬೇಡ. 'ಇನ್ನೆರಡು ಅಡಿ ಆಳ ಮಾಡುವ' ಅಂತ ಹೊರಟರೆ ಗೋಡೆಯ ಬುಡದ ಕಲ್ಲು ಆಧಾರ ಕಳೆದುಕೊಳ್ಳುತ್ತೆ.

ಕೆರೆ ಯಾರದು, ಯಾರಿಗೆ?

ಪ್ರಸ್ತಾವನೆಗಳು ಹೆಚ್ಚಾಗಿ ಬಿದ್ದುಹೋಗೋದು ಈ ಪ್ರಶ್ನೆಯಲ್ಲಿ. ಆರ್‌ಟಿಸಿ ತೆಗೆಸಿ ನೋಡಿದರೆ ಕೆರೆ ದೇವಸ್ಥಾನದ ಹೆಸರಲ್ಲಿರಬಹುದು, ಸರ್ಕಾರಿ ಕೆರೆ ಅಂತಿರಬಹುದು, ಒಂದು ಮನೆತನದ ವರ್ಗ ಜಾಗದಲ್ಲೂ ಇರಬಹುದು. ಕೆರೆಗೆ ನೀರು ಬರುವ ತೋಡು ಇನ್ನೊಬ್ಬರ ಕುಮ್ಕಿಯಲ್ಲಿ ಹಾದುಬರಬಹುದು. ಖಾಸಗಿ ಜಾಗಕ್ಕೆ ಸಾರ್ವಜನಿಕ ಹಣ ಹಾಕೋಕೆ ಯಾವ ಅಧಿಕಾರಿಯೂ ಸಹಿ ಹಾಕಲ್ಲ. ಮುಜರಾಯಿ ದೇವಸ್ಥಾನವಾದರೆ ಕೆಲಸಕ್ಕೆ ವ್ಯವಸ್ಥಾಪನಾ ಸಮಿತಿಯ ನಿರ್ಣಯ, ಇಲಾಖೆಯ ಒಪ್ಪಿಗೆ ಬೇಕು. ಸಿಎಸ್‌ಆರ್ ಹಣಕ್ಕೆ ಹೋಗುವ ಟ್ರಸ್ಟ್ 2021ರ ಎಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ಊರಿನ ಯುವಕ ಮಂಡಲಕ್ಕೆ ಅದು ಸಾಮಾನ್ಯವಾಗಿ ಇರಲ್ಲ. ಹಾಗಾಗಿ ಇರುವ ಸಂಸ್ಥೆಯ ಜೊತೆ ಸೇರಿ ಅರ್ಜಿ ಹಾಕೋದು ವಾಸಿ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಪ್ರಸ್ತಾವನೆಯ ತಲೆಯಲ್ಲಿ 'ಸಮುದಾಯದ ಸಹಭಾಗಿತ್ವ' ಅಂತ ಬರೆಯುತ್ತೇವೆ. ಆ ಸಮುದಾಯದಲ್ಲಿ ಯಾರ್‍ಯಾರು ಇದ್ದಾರೆ? ಹೂಳೆತ್ತುವ ದಿನ ಕರೆಯುವ ಎಲ್ಲರೂ ಕೆರೆ ತುಂಬಿದ ಮೇಲೆ ಮೆಟ್ಟಿಲಿಳಿಯಬಹುದಾ? ಸಂವಿಧಾನದ 15(2)ನೇ ವಿಧಿ ಈ ವಿಷಯದಲ್ಲಿ ಕೆರೆ ಮತ್ತು ಸ್ನಾನಘಟ್ಟಗಳ ಹೆಸರು ಹಿಡಿದೇ ಹೇಳುತ್ತೆ. ಪೂರ್ತಿಯಾಗಿಯೋ ಭಾಗಶಃವೋ ಸರ್ಕಾರದ ಹಣದಲ್ಲಿ ನಿರ್ವಹಣೆಯಾಗುವ, ಇಲ್ಲವೇ ಸಾರ್ವಜನಿಕ ಬಳಕೆಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಬಳಸಲು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕರಿಗೂ ಅಡ್ಡಿ ಮಾಡುವಂತಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದ ಇತಿಹಾಸ ಆ ಸಾಲಿನ ಹಿಂದಿದೆ.

ಸರ್ಕಾರದ ದುಡ್ಡಿಗೆ ಕೈ ಚಾಚಿದ ಮೇಲೆ ಈ ಮಾತನ್ನು ತಪ್ಪಿಸಿಕೊಳ್ಳಲು ಆಗಲ್ಲ. ದೇವಸ್ಥಾನದವರು ಅಭಿಷೇಕದ ನೀರಿಗೆ ಬೇರೆ ಬಾವಿ ಇಟ್ಟುಕೊಳ್ಳಲಿ, ಸೋಪು ಹಾಕಿ ಒಗೆಯೋದಕ್ಕೆ ಎಲ್ಲರಿಗೂ ನಿರ್ಬಂಧ ಇರಲಿ. ಆದರೆ ನಿಯಮ ಎಲ್ಲರಿಗೂ ಒಂದೇ ಅಂತ ಗ್ರಾಮಸಭೆಯಲ್ಲಿ ನಿರ್ಣಯವಾಗಿ, ಅದರ ಪ್ರತಿ ಅರ್ಜಿಯ ಜೊತೆ ಹೋಗಬೇಕು. ಇದನ್ನು ಮೊದಲೇ ಮಾತಾಡದ ಊರಿನಲ್ಲಿ ಜಗಳ ಆಗೋದು ಕೆಲಸ ಮುಗಿದ ಮೇಲೆ, ಸ್ಟೀಲ್ ಗೇಟಿನ ಬೀಗದ ಕೀ ಯಾರ ಕೈಯಲ್ಲಿ ಅನ್ನೋದಕ್ಕೆ.

ಒಂದು ಕೆರೆಯ ಲೆಕ್ಕ

ಈಗ ಬಜೆಟ್. ಮಾದರಿಗೆ ಒಂದು ಕೆರೆ ಹಿಡಿಯೋಣ: ಮೇಲೆ 24 ಮೀಟರ್ ಉದ್ದ, 18 ಮೀಟರ್ ಅಗಲ, ತಳದಲ್ಲಿ 20ಕ್ಕೆ 15. ಹೂಳು ಸರಾಸರಿ 1.2 ಮೀಟರ್, ಅದರ ಮೇಲೆ 2 ಮೀಟರ್ ನೀರು. ಸುತ್ತಿನ 84 ಮೀಟರ್ ಗೋಡೆಯಲ್ಲಿ ಕುಸಿದದ್ದು 22 ಮೀಟರ್, ಎತ್ತರ 3 ಮೀಟರ್. ದರಗಳನ್ನು ಲೆಕ್ಕ ಕಾಣಲಿ ಅಂತ ನಾನೇ ಗುಂಡಾಗಿ ಹಿಡಿದಿದ್ದೇನೆ. ನಿಮ್ಮ ಅರ್ಜಿಯಲ್ಲಿ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಅಥವಾ ಮೂರು ಕೊಟೇಶನ್ ಇರಬೇಕು.

ಹೂಳು: 20 × 15 × 1.2 = 360 ಘನ ಮೀಟರ್. ಹಿಟಾಚಿಯನ್ನು ಕೆರೆಯೊಳಗೆ ಇಳಿಸಬೇಕಾದರೆ ಗೋಡೆ ಒಡೆಯಬೇಕು, ಅದು ಬೇಡ. ದಡಕ್ಕೆ ತೀರಾ ಹತ್ತಿರ ನಿಲ್ಲಿಸಿದರೂ ಅದರ ಭಾರಕ್ಕೆ ಹಳೆಯ ಗೋಡೆ ಜರಿಯುತ್ತೆ. ಗಟ್ಟಿ ಇರುವ ಎರಡು ಬದಿಯಲ್ಲಿ ಅಂಚು ಬಿಟ್ಟು ನಿಂತು ಕೈಚಾಚಿದಷ್ಟಕ್ಕೆ 240 ಘನ ಮೀಟರ್ ಸಿಗುತ್ತೆ ಅಂತಿಟ್ಟುಕೊಳ್ಳೋಣ. ಗಂಟೆಗೆ 12ರಂತೆ 20 ಗಂಟೆ. ಉಳಿದ 120 ಘನ ಮೀಟರ್ ಜನರೇ ಎತ್ತಬೇಕು. ಒಬ್ಬರು ದಿನಕ್ಕೆ ಒಂದೂವರೆ ಘನ ಮೀಟರ್ ಅಂದರೆ 80 ಆಳು. ಅಗೆದ ಹೂಳು ಸಡಿಲವಾಗಿ ಕಾಲು ಭಾಗ ಉಬ್ಬುತ್ತೆ, 360 ಹೋಗಿ 450 ಆಗುತ್ತೆ. ನಾಲ್ಕೂವರೆ ಘನ ಮೀಟರ್‌ನ ಟಿಪ್ಪರಿಗೆ ಸರಿಯಾಗಿ 100 ಲೋಡು. ಈ ಉಬ್ಬುವ ಲೆಕ್ಕ ಬಿಟ್ಟುಹೋದರೆ ಕೊನೆಯ 20 ಲೋಡಿಗೆ ದುಡ್ಡಿರಲ್ಲ, ಹೂಳು ದಡದಲ್ಲೇ ಉಳಿದು ಮೊದಲ ಮಳೆಗೆ ವಾಪಸು ಕೆರೆಗೆ ಬರುತ್ತೆ.

ಗೋಡೆ: 22 × 3 = 66 ಚದರ ಮೀಟರ್. ಕಲ್ಲಿನ ಮುಖ 40 × 20 ಸೆಂಟಿಮೀಟರ್ ಆದರೆ ಚದರ ಮೀಟರಿಗೆ ಹನ್ನೆರಡೂವರೆ ಕಲ್ಲು, ಎರಡು ಕಲ್ಲು ದಪ್ಪಕ್ಕೆ ಒಟ್ಟು 1,650. ಅರ್ಧದಷ್ಟು ಕೆರೆಯೊಳಗೇ ಬಿದ್ದಿದೆ, ತೊಳೆದು ಬಳಸಬಹುದು. ಒಡೆಯೋದನ್ನೂ ಸೇರಿಸಿ 900 ಹೊಸ ಕಲ್ಲು ಸಾಕು. 2025ರಲ್ಲಿ ಜಿಲ್ಲೆಯಲ್ಲಿ ಕೆಂಪು ಕಲ್ಲಿಗೇ ಬರ ಬಂದು ಮನೆ ಕೆಲಸಗಳು ನಿಂತದ್ದು ನೆನಪಿದ್ದವರಿಗೆ ಹಳೆ ಕಲ್ಲಿನ ಬೆಲೆ ಗೊತ್ತು. ಗೋಡೆಯ ಹಿಂದೆ 30 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ತುಂಬಬೇಕು, ಸುಮಾರು 20 ಘನ ಮೀಟರ್. ಆ ಜಲ್ಲಿ ನೀರನ್ನು ಬಿಡುತ್ತೆ, ಶೇಡಿ ಮಣ್ಣನ್ನು ತಡೆಯುತ್ತೆ.

| ಕೆಲಸ | ಲೆಕ್ಕ | ರೂಪಾಯಿ |
|---|---|---|
| ನೀರು ಇಳಿಸುವುದು | 25 ದಿನ × 1,600 | 40,000 |
| ಯಂತ್ರದಿಂದ ಹೂಳು | 20 ಗಂಟೆ × 2,000 | 40,000 |
| ಕೈಯಿಂದ ಹೂಳು | 80 ಆಳು × 900 | 72,000 |
| ಹೂಳು ಸಾಗಣೆ | 100 ಲೋಡು × 600 | 60,000 |
| ಹೊಸ ಕಲ್ಲು | 900 × 60 | 54,000 |
| ಕಲ್ಲು ಕಟ್ಟುವ ಕೂಲಿ | ಒಟ್ಟಾಗಿ | 60,000 |
| ಹಿಂದಿನ ಜಲ್ಲಿ | 20 ಘ.ಮೀ. × 2,000 | 40,000 |
| ತೋಡು, ಹೂಳು ಗುಂಡಿ, ಕೋಡಿ | ಒಟ್ಟಾಗಿ | 50,000 |
| ತಾತ್ಕಾಲಿಕ ಬೇಲಿ, ಆಧಾರ ಕಂಬ | ಒಟ್ಟಾಗಿ | 20,000 |
| ನೀರಿನ ಪರೀಕ್ಷೆ, ಅಳತೆ ಗೆರೆ | ಒಟ್ಟಾಗಿ | 12,000 |
| ಅನಿರೀಕ್ಷಿತ, ಶೇ. 5 | | 22,400 |
| ಒಟ್ಟು | | 4,70,400 |

ಇದರಲ್ಲಿ ಊರಿನ ಪಾಲನ್ನು ಮಾತಿನಲ್ಲಲ್ಲ, ಸಾಲಿನಲ್ಲಿ ತೋರಿಸಬೇಕು. 40 ಆಳಿನ ಶ್ರಮದಾನ 36,000. ಅಡಿಕೆ ತೋಟದವರು ಸ್ವಂತ ಖರ್ಚಿನಲ್ಲಿ 60 ಲೋಡು ಹೂಳು ಒಯ್ದರೆ ಇನ್ನೂ 36,000. ಕಳೆದರೆ ಕೇಳಬೇಕಾದ ಅನುದಾನ 3,98,400 ರೂಪಾಯಿ. ಎಲ್ಲಾ ಕೆರೆಗೂ ಇಷ್ಟೇ ಸಾಕು ಅಂತಲ್ಲ. ನಾಲ್ಕೂ ಗೋಡೆ ಬಿದ್ದಿದ್ದರೆ ಮೊತ್ತ ಎಷ್ಟೋ ಪಟ್ಟು ಏರುತ್ತೆ. ಆದರೆ ಆಗಲೂ ಮೊತ್ತ ಅಳತೆಯಿಂದ ಬರಬೇಕು, ಪಕ್ಕದ ಊರಿನ ಫ್ಲೆಕ್ಸಿನಿಂದಲ್ಲ.

ಸಮರ್ಥನೆ ಅಂದರೆ ಏನು

'ಹೂಳೆತ್ತಲು 1.12 ಲಕ್ಷ ಬೇಕು, ಯಾಕೆಂದರೆ ಕೆರೆಯಲ್ಲಿ ಹೂಳು ತುಂಬಿದೆ' ಅನ್ನೋದು ಸಮರ್ಥನೆ ಅಲ್ಲ. ಒಂದು ಒಳ್ಳೆಯ ಸಾಲಿನಲ್ಲಿ ಮೂರು ಸಂಗತಿ ಇರುತ್ತೆ: ಎಷ್ಟು ಅಂತ ಹೇಗೆ ಗೊತ್ತಾಯಿತು, ಈ ವಿಧಾನವೇ ಯಾಕೆ, ಇದನ್ನು ಬಿಟ್ಟರೆ ಏನಾಗುತ್ತೆ.

ಅನುದಾನ ಕೊಡುವವರು ಮೊದಲು ಕತ್ತರಿ ಹಾಕೋದು 'ನೀರು ಇಳಿಸುವುದು 25 ದಿನ' ಅನ್ನೋ ಸಾಲಿಗೆ. ದೊಡ್ಡ ಪಂಪ್ ಇಟ್ಟರೆ ಒಂದೇ ದಿನದಲ್ಲಿ ಖಾಲಿಯಾಗುತ್ತಲ್ಲ ಅಂತ ಕೇಳುತ್ತಾರೆ. ಉತ್ತರ ಹೀಗಿರಬೇಕು: 'ದಿನಕ್ಕೆ 40 ಸೆಂಟಿಮೀಟರಿಗಿಂತ ಹೆಚ್ಚು ಇಳಿಸುವುದಿಲ್ಲ. 2 ಮೀಟರಿಗೆ 5 ದಿನ, ಹೂಳಿಗೆ 10, ಗೋಡೆಗೆ 10. ಕೆರೆಯ ನೀರು ಒಳಗಿನಿಂದ ಗೋಡೆಗೆ ಒರಗಿ ನಿಂತಿರುತ್ತದೆ. ಅದನ್ನು ಒಮ್ಮೆಲೆ ತೆಗೆದರೆ ಹಿಂದಿನ ಮಣ್ಣಿನಲ್ಲಿರುವ ನೀರು ಅಷ್ಟು ಬೇಗ ಇಳಿಯುವುದಿಲ್ಲ, ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಈಗ ಗಟ್ಟಿ ಇರುವ 62 ಮೀಟರ್ ಗೋಡೆ ಉಳಿಯಲು ಈ ಖರ್ಚು.' ನಲವತ್ತು ಸಾವಿರದ ಸಾಲು ಕಾಪಾಡುತ್ತಿರೋದು ಲಕ್ಷಗಟ್ಟಲೆಯ ಗೋಡೆಯನ್ನು ಅಂತ ಅಲ್ಲಿ ಕಾಣುತ್ತೆ.

ಇದನ್ನು ನನಗೆ ಹೇಳಿಕೊಟ್ಟದ್ದು ಕಾಲೇಜಿನ ಪುಸ್ತಕ ಮಾತ್ರ ಅಲ್ಲ. ಬೆಳ್ತಂಗಡಿ ಕಡೆಯ ಹಿರಿಯ ಕಲ್ಲು ಕಟ್ಟುವವರೊಬ್ಬರು ಅದನ್ನೇ ಒಂದು ಮಾತಲ್ಲಿ ಮುಗಿಸಿದ್ದರು: 'ನೀರನ್ನು ಒಮ್ಮೆಗೇ ತೆಗಿಬೇಡಿ ಮಾರಾಯ್ರೆ, ಗೋಡೆಗೆ ಒರಗಿಕೊಳ್ಳಲಿಕ್ಕೆ ಏನಾದ್ರೂ ಬೇಡ್ವಾ?' ನೀರು ಇಳಿಸುವಾಗ ಎರಡು ಲಕ್ಷಣ ನೋಡಬೇಕು ಅಂತಲೂ ಹೇಳಿದರು. ಸಂದಿನಿಂದ ಬರುವ ನೀರು ತಿಳಿಯಾಗಿದ್ದರೆ ಚಿಂತೆ ಇಲ್ಲ. ಬೆಳ್ಳಗೆ ಮಣ್ಣು ಕಲಸಿ ಬಂದರೆ ಹಿಂದಿನ ಶೇಡಿ ಕೊಚ್ಚಿಹೋಗುತ್ತಿದೆ, ಪಂಪ್ ನಿಲ್ಲಿಸಬೇಕು. ದಡದ ಮೇಲೆ ಗೋಡೆಗೆ ಸಮಾನಾಂತರವಾಗಿ ಬಿರುಕು ಬಿಟ್ಟರೆ ಕೆಳಗಿರುವ ಜನರನ್ನು ಆ ಕ್ಷಣವೇ ಮೇಲೆ ಕರೆಯಬೇಕು. ಆಧಾರ ಕಂಬಗಳಿಗೆ ಇಟ್ಟ ಹಣದ ಸಮರ್ಥನೆ ಇದೇ, ಶ್ರಮದಾನಕ್ಕೆ ಇಳಿದಿರೋದು ನಮ್ಮದೇ ಮಕ್ಕಳು.

ಯಾವಾಗ, ಮತ್ತು ಆಮೇಲೆ

ಅನುದಾನ ಮಂಜೂರಾಗೋದು ಹೆಚ್ಚಾಗಿ ಮಾರ್ಚ್ ಕೊನೆಗೆ, ಆರ್ಥಿಕ ವರ್ಷದ ಗಡಿಬಿಡಿಯಲ್ಲಿ. ಕೆಲಸ ಮಾಡಲು ಯೋಗ್ಯವಾದದ್ದು ಫೆಬ್ರವರಿಯಿಂದ ಎಪ್ರಿಲ್. ನಡುವೆ ಜಾತ್ರೆ, ಅವಭೃತ. ಮೇ ಕೊನೆಯ ಪತ್ತನಾಜೆ ಕಳೆದರೆ ಮಳೆ ಯಾವ ದಿನವೂ ಬರಬಹುದು, ಅರ್ಧ ಕಟ್ಟಿದ ಗೋಡೆ ಮೊದಲ ವಾರದಲ್ಲೇ ಜರಿಯುತ್ತೆ. ಹಣ ಎಪ್ರಿಲ್ ನಡುವಿಗೆ ಕೈಗೆ ಬರದಿದ್ದರೆ ಆ ವರ್ಷ ತೋಡು ಮತ್ತು ಹೂಳು ಗುಂಡಿ ಮಾತ್ರ ಮಾಡಿ, ಕೆರೆಗೆ ಮುಂದಿನ ಫೆಬ್ರವರಿಯಲ್ಲಿ ಇಳಿಯುತ್ತೇವೆ ಅಂತ ಪ್ರಸ್ತಾವನೆಯಲ್ಲೇ ಬರೆದಿಡಿ. ಕೊಡುವವರಿಗೆ ಇದು ದೌರ್ಬಲ್ಯ ಅಂತ ಕಾಣಲ್ಲ, ಕೆರೆ ಗೊತ್ತಿರುವವರು ಬರೆದದ್ದು ಅಂತ ಕಾಣುತ್ತೆ.

ಮುಗಿದ ಮೇಲಿನ ಖರ್ಚು ಅನುದಾನದಲ್ಲಿ ಸಿಗೋದು ಅಪರೂಪ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹೂಳು ಗುಂಡಿ ಖಾಲಿ ಮಾಡೋದು, ತೋಡಿನ ಕಸ ತೆಗೆಯೋದು, ಗೋಡೆಯ ಸಂದಿನಲ್ಲಿ ಹುಟ್ಟಿದ ಅಶ್ವತ್ಥದ ಗಿಡವನ್ನು ಎಳೆಯದಿರುವಾಗಲೇ ಕೀಳೋದು. ಕೊನೆಯದನ್ನು 'ದೇವರ ಮರ' ಅಂತ ಬಿಟ್ಟ ಕಡೆ ಹತ್ತು ವರ್ಷದಲ್ಲಿ ಬೇರು ಕಲ್ಲನ್ನು ಎತ್ತಿಹಾಕುತ್ತೆ. ಗಿಡವನ್ನು ಬೇರೆಡೆ ನೆಟ್ಟರೆ ದೇವರಿಗೂ ಬೇಸರ ಇರಲಿಕ್ಕಿಲ್ಲ. ಈ ಕೆಲಸಕ್ಕೆ ವರ್ಷಕ್ಕೆ 15,000 ರೂಪಾಯಿ, ಯಾರ ಖಾತೆಯಿಂದ, ಯಾರ ಸಹಿಯಿಂದ ಅಂತ ಒಂದು ಸಾಲು ಸೇರಿಸಿ.

ಬಂಟ್ವಾಳದ ಆ ಹುಡುಗರು ಕಮಾನನ್ನು ಮಾತ್ರ ಬಿಡಲು ಸುಲಭಕ್ಕೆ ಒಪ್ಪಲಿಲ್ಲ. ದಾನಿಗಳ ಹೆಸರು ಎಲ್ಲಿ ಹಾಕೋದು ಅಂತ ಅವರ ಪ್ರಶ್ನೆ. ಅದನ್ನು ಅನುದಾನದಿಂದ ಹೊರಗಿಟ್ಟು, ಬೇಕಿದ್ದರೆ ಊರಿನ ಹಣದಲ್ಲಿ ಆಮೇಲೆ ಕಟ್ಟಿ ಅಂದೆ. ಗೋಡೆಯ ಮೂಲೆಯಲ್ಲಿ ಅಳತೆಯ ಗೆರೆ ಎಳೆದು, ಈಗ ಪ್ರತಿ ಭಾನುವಾರ ಫೋಟೊ ಕಳಿಸುತ್ತಿದ್ದಾರೆ. ಒಂದು ಪೂರ್ತಿ ಬೇಸಿಗೆಯ ಲೆಕ್ಕ ಕೈಗೆ ಬಂದ ಮೇಲೆ ಅರ್ಜಿ ಹಾಕುತ್ತಾರಂತೆ.